ಮಾಂಟೆ ಕಾರ್ಲೊದಲ್ಲಿ ಯುರೋಪಿಯನ್ ಕಾಲ್‌ಗೆ ಬೆಲೆ ಕಟ್ಟೋದು ಹೇಗೆ: ಮೊದಲ ಹೆಜ್ಜೆಯಿಂದ ತಪ್ಪು ಹಿಡಿಯೋವರೆಗೆ

ಕೋಡ್ ನೋಡಿದ್ರೆ ಇದು ಹದಿನೈದು ಸಾಲಿನ ಕೆಲಸ, ಅರ್ಧ ಗಂಟೇಲಿ ಮುಗಿಯತ್ತೆ. ಆದ್ರೆ ಆ ಹದಿನೈದು ಸಾಲಲ್ಲಿ ಒಂದು ಚಿಕ್ಕ ಟರ್ಮ್ ಬಿಟ್ಟುಹೋದ್ರೂ ಪ್ರೋಗ್ರಾಮ್ ಕ್ರ್ಯಾಶ್ ಆಗಲ್ಲ, ವಾರ್ನಿಂಗ್ ಬರಲ್ಲ, ನೋಡೋಕೆ ಸರಿಯಾಗೇ ಇರೋ ಒಂದು ನಂಬರ್ ಬಂದು ಕೂತ್ಕೊಳ್ಳತ್ತೆ. ಹಾಗಾಗಿ ಇಲ್ಲಿ ಒಂದೇ ಒಂದು ಉದಾಹರಣೆ ತಗೊಂಡು ಕೊನೆವರೆಗೂ ಅದನ್ನೇ ಹಿಡ್ಕೊಂಡು ಹೋಗ್ತೀನಿ, ಬೆಲೆ ತೆಗೆಯೋದಕ್ಕೆ ಎಷ್ಟು ಜಾಗ ಕೊಡ್ತೀನೋ ಬಂದ ಬೆಲೆ ಸರಿಯಾ ಅಂತ ಪರೀಕ್ಷೆ ಮಾಡೋದಕ್ಕೂ ಅಷ್ಟೇ ಜಾಗ ಕೊಡ್ತೀನಿ.

ಉದಾಹರಣೆ ಇದು. ಷೇರಿನ ಈಗಿನ ಬೆಲೆ 200. ಸ್ಟ್ರೈಕ್ 210, ಅಂದ್ರೆ ಎಕ್ಸ್‌ಪೈರಿ ದಿನ ಆ ಷೇರನ್ನ 210ಕ್ಕೆ ಕೊಳ್ಳೋ ಹಕ್ಕು ನಿಮಗಿರತ್ತೆ, ಕೊಳ್ಳಲೇಬೇಕು ಅಂತೇನಿಲ್ಲ. ಈ ಹಕ್ಕಿಗೇ ಕಾಲ್ ಆಪ್ಷನ್ ಅನ್ನೋದು. ಯುರೋಪಿಯನ್ ಅಂದ್ರೆ ಆ ಹಕ್ಕು ಎಕ್ಸ್‌ಪೈರಿ ದಿನ ಮಾತ್ರ ಚಲಾಯಿಸಬಹುದು, ಮಧ್ಯದಲ್ಲಿ ಆಗಲ್ಲ. ಎಕ್ಸ್‌ಪೈರಿಗೆ ಆರು ತಿಂಗಳಿದೆ, ಹಾಗಾಗಿ T = 0.5 ವರ್ಷ. ರಿಸ್ಕ್ ಫ್ರೀ ಬಡ್ಡಿ ವರ್ಷಕ್ಕೆ 6%, ಕಂಟಿನ್ಯುಯಸ್ ಕಾಂಪೌಂಡಿಂಗ್ ಅಂತ ಇಟ್ಕೊಳ್ಳೋಣ. ವೊಲಾಟಿಲಿಟಿ, ಅಂದ್ರೆ ಷೇರು ಬೆಲೆ ಎಷ್ಟು ಏರಿಳಿಯತ್ತೆ ಅನ್ನೋದರ ಅಳತೆ, ವರ್ಷಕ್ಕೆ 25%. ಮಧ್ಯದಲ್ಲಿ ಡಿವಿಡೆಂಡ್ ಇಲ್ಲ.

ಎಕ್ಸ್‌ಪೈರಿ ದಿನ ಷೇರು 230ರಲ್ಲಿದ್ರೆ ನಿಮಗೆ 20 ಸಿಗತ್ತೆ, 209ರಲ್ಲಿದ್ರೆ ಸೊನ್ನೆ, 150ಕ್ಕೆ ಬಿದ್ರೂ ಸೊನ್ನೆನೇ. ಇದಕ್ಕೆ ಪೇಆಫ್ ಅಂತಾರೆ. ನಾವು ಮಾಡೋದಿಷ್ಟೇ: ಷೇರು ಆರು ತಿಂಗಳಲ್ಲಿ ಹೋಗಬಹುದಾದ ದಾರಿಗಳನ್ನ ಸಾವಿರಾರು ಸಲ ರಾಂಡಮ್ ಆಗಿ ಹುಟ್ಟುಹಾಕೋದು, ಪ್ರತಿ ದಾರಿಯ ಕೊನೇಲಿ ಪೇಆಫ್ ನೋಡೋದು, ಎಲ್ಲದರ ಸರಾಸರಿ ತೆಗೆದು ಇವತ್ತಿನ ಬೆಲೆಗೆ ಡಿಸ್ಕೌಂಟ್ ಮಾಡೋದು. ಆಪ್ಷನ್‌ಗೆ ಈ ವಿಧಾನ ತಂದವರು ಫೆಲಿಮ್ ಬಾಯ್ಲ್, 1977ರಲ್ಲಿ, ಅಂದ್ರೆ ಬ್ಲ್ಯಾಕ್-ಶೋಲ್ಸ್ ಫಾರ್ಮುಲಾ ಬಂದು ನಾಲ್ಕು ವರ್ಷದ ನಂತರ.

ಫಾರ್ಮುಲಾ ಇದ್ಮೇಲೆ ಸಿಮ್ಯುಲೇಶನ್ ಯಾಕೆ ಅಂತ ಕೇಳ್ತೀರಾ, ನ್ಯಾಯವಾದ ಪ್ರಶ್ನೆನೇ. ನಮ್ಮ ಉದಾಹರಣೆಗೆ ಬ್ಲ್ಯಾಕ್-ಶೋಲ್ಸ್ ಕೊಡೋ ಉತ್ತರ 12.40. ಉತ್ತರ ಮೊದಲೇ ಗೊತ್ತಿರೋದೇ ಇಲ್ಲಿ ಲಾಭ, ಯಾಕಂದ್ರೆ ಫಾರ್ಮುಲಾ ಇಲ್ಲದ ಆಪ್ಷನ್‌ಗೆ ಇದೇ ಕೋಡ್ ಹಾಕೋಕೆ ಮುಂಚೆ ಅದು ಸುಳ್ಳು ಹೇಳ್ತಿದ್ಯಾ ಅಂತ ಹಿಡಿಯೋಕೆ ಸಿಗೋ ಜಾಗ ಇದೊಂದೇ.

ಮೊದಲು ಡ್ರಿಫ್ಟ್ ತೀರ್ಮಾನ ಮಾಡ್ಕೊಳ್ಳಿ

ಕೋಡ್ ಬರೆಯೋಕೆ ಮುಂಚೆ ಒಂದು ಪ್ರಶ್ನೆ ಬಗೆಹರಿಸ್ಕೋಬೇಕು. ಸಿಮ್ಯುಲೇಶನ್‌ನಲ್ಲಿ ಷೇರು ಸರಾಸರಿ ಎಷ್ಟು ವೇಗದಲ್ಲಿ ಬೆಳೀಬೇಕು? ಹೆಚ್ಚಿನವರಿಗೆ ಮೊದಲು ತೋಚೋದು, ಈ ಷೇರು ವರ್ಷಕ್ಕೆ 15% ಬೆಳೆಯತ್ತೆ ಅಂತ ನನ್ನ ಅಂದಾಜು, ಹಾಗಾಗಿ 15% ಹಾಕ್ತೀನಿ ಅನ್ನೋದು. ಅದು ತಪ್ಪು. ಹಾಕಬೇಕಾಗಿರೋದು ರಿಸ್ಕ್ ಫ್ರೀ ಬಡ್ಡಿ, ಅಂದ್ರೆ 6%. ಇದನ್ನ ಸುಮ್ನೆ ನಿಯಮ ಅಂತ ಬಾಯಿಪಾಠ ಮಾಡ್ಕೊಂಡ್ರೆ ಮುಂದೆ ಎಲ್ಲೋ ಒಂದು ಕಡೆ ಕೈಕೊಡತ್ತೆ, ಅದಕ್ಕೆ ಒಂದು ಪುಟ್ಟ ಲೆಕ್ಕದಲ್ಲಿ ನೋಡೋಣ.

ಆರು ತಿಂಗಳ ನಂತರ ಷೇರು 240 ಆಗಬಹುದು ಇಲ್ಲಾ 180 ಆಗಬಹುದು, ಬೇರೆ ಏನೂ ಆಗಲ್ಲ ಅಂತ ಇಟ್ಕೊಳ್ಳಿ. ಆಗ ಕಾಲ್‌ನ ಪೇಆಫ್ 30 ಇಲ್ಲಾ 0. ಈಗ ನೀವು ಕಾಲ್ ಮಾರಿದವರು ಅನ್ಕೊಳ್ಳಿ. ಇವತ್ತು ಅರ್ಧ ಷೇರು ಕೊಂಡುಬಿಡಿ, ಅದಕ್ಕೆ 100 ಬೇಕು. ಷೇರು 240 ಆದ್ರೆ ನಿಮ್ಮ ಅರ್ಧ ಷೇರು 120, ಅದರಲ್ಲಿ 30 ಕಾಲ್ ಕೊಂಡವರಿಗೆ ಕೊಟ್ರೆ 90 ಉಳಿಯತ್ತೆ. 180 ಆದ್ರೆ ಅರ್ಧ ಷೇರು 90, ಯಾರಿಗೂ ಏನೂ ಕೊಡೋ ಹಾಗಿಲ್ಲ, ಆಗ್ಲೂ 90ನೇ. ಎರಡು ಕಡೆಯೂ 90, ಅಂದ್ರೆ ರಿಸ್ಕ್ ಅನ್ನೋದೇ ಹೋಯ್ತು. ಆರು ತಿಂಗಳ ನಂತರ ಗ್ಯಾರಂಟಿಯಾಗಿ ಬರೋ 90ರ ಇವತ್ತಿನ ಬೆಲೆ 6% ಬಡ್ಡೀಲಿ 87.34, ಅಷ್ಟನ್ನ ಸಾಲ ತಗೋಬಹುದು. 100 ಬೇಕಿತ್ತು, 87.34 ಸಾಲದಿಂದ ಬಂತು, ಮಿಕ್ಕ 12.66 ಕಾಲ್ ಕೊಳ್ಳೋವರಿಂದ ಬರಬೇಕು. ಅದೇ ಕಾಲ್‌ನ ಬೆಲೆ.

ಈ ಲೆಕ್ಕದಲ್ಲಿ ಷೇರು ಮೇಲೆ ಹೋಗೋ ಸಾಧ್ಯತೆ ಎಷ್ಟು ಅಂತ ನಾವು ಎಲ್ಲೂ ಕೇಳಲೇ ಇಲ್ಲ, ಗಮನಿಸಿದ್ರಾ? 90% ಅಂತ ನಂಬಿದವರಿಗೂ 20% ಅಂತ ನಂಬಿದವರಿಗೂ 12.66ನೇ. ಅವರ ನಂಬಿಕೆ ಏನಿದ್ರೂ ಷೇರಿನ ಇವತ್ತಿನ 200 ಅನ್ನೋ ಬೆಲೇಲೇ ಸೇರಿಹೋಗಿದೆ.

ಈಗ ಇದನ್ನೇ ತಿರುಗಿಸಿ. ಸರಾಸರಿ ತೆಗೆದು ಡಿಸ್ಕೌಂಟ್ ಮಾಡಿದ್ರೆ 12.66 ಬರ್ಬೇಕು ಅಂದ್ರೆ ಮೇಲೆ ಹೋಗೋ ಸಾಧ್ಯತೆ ಎಷ್ಟಿರಬೇಕು? ಲೆಕ್ಕ ಹಾಕಿದ್ರೆ 0.4348 ಬರತ್ತೆ, 30ಕ್ಕೆ ಗುಣಿಸಿದ್ರೆ 13.04, ಡಿಸ್ಕೌಂಟ್ ಮಾಡಿದ್ರೆ 12.66. ಅದೇ ಸಾಧ್ಯತೇಲಿ ಷೇರಿನ ಸರಾಸರಿ ನೋಡಿದ್ರೆ 206.09, ಅಂದ್ರೆ 200ನ್ನ ಆರು ತಿಂಗಳು 6% ಬಡ್ಡೀಲಿ ಬೆಳೆಸಿದಷ್ಟೇ. ರಿಸ್ಕ್ ನ್ಯೂಟ್ರಲ್ ಅಂತ ಎಲ್ಲಾ ಕಡೆ ಓದಿರ್ತೀರಲ್ಲ, ಅದು ಇಷ್ಟೇ. ಷೇರು ನಿಜವಾಗ್ಲೂ 6% ಬೆಳೆಯತ್ತೆ ಅನ್ನೋ ಭವಿಷ್ಯ ಅಲ್ಲ, ಮೇಲೆ ಅರ್ಧ ಷೇರು ಕೊಂಡು ರಿಸ್ಕ್ ಕಳೆದ್ವಲ್ಲ, ಆ ಹೆಡ್ಜ್ ಮಾಡೋ ಖರ್ಚನ್ನ ಸರಾಸರಿಯ ರೂಪದಲ್ಲಿ ಬರೆಯೋ ಒಂದು ವಿಧಾನ.

ನಮ್ಮ ಉದಾಹರಣೇಲಿ 6% ಬದಲು 15% ಹಾಕಿ, 6%ನಲ್ಲೇ ಡಿಸ್ಕೌಂಟ್ ಮಾಡಿದ್ರೆ ಬೆಲೆ 17.41 ಬರತ್ತೆ. 12.40 ಎಲ್ಲಿ, 17.41 ಎಲ್ಲಿ.

ಒಂದು ದಾರೀನ ಕೈಯಲ್ಲಿ ಬರೀರಿ

ಬ್ಲ್ಯಾಕ್-ಶೋಲ್ಸ್‌ನಲ್ಲಿ ಇರೋ ಮಾಡೆಲ್ಲೇ ಇಲ್ಲೂ, ಜಿಯೋಮೆಟ್ರಿಕ್ ಬ್ರೌನಿಯನ್ ಮೋಶನ್. ಒಂದು ಹೆಜ್ಜೆಗೆ ಷೇರು ಹೇಗೆ ಚಲಿಸತ್ತೆ ಅಂದ್ರೆ:

```
S_next = S * exp( (r - sigma^2/2)*dt + sigma*sqrt(dt)*Z )
```

ಇಲ್ಲಿ S ಅನ್ನೋದು ಈಗಿನ ಬೆಲೆ, r ಬಡ್ಡಿ, sigma ವೊಲಾಟಿಲಿಟಿ, dt ಒಂದು ಹೆಜ್ಜೆಯ ಕಾಲ. Z ಅನ್ನೋದು ಸ್ಟ್ಯಾಂಡರ್ಡ್ ನಾರ್ಮಲ್ ರಾಂಡಮ್ ನಂಬರ್, ಸರಾಸರಿ 0, ಸ್ಟ್ಯಾಂಡರ್ಡ್ ಡೀವಿಯೇಶನ್ 1. ಪ್ರತಿ ಹೆಜ್ಜೆಗೂ ಹೊಸದು.

ಆ ಮೈನಸ್ sigma^2/2 ಯಾಕಿದೆ ಅಂತ ತುಂಬಾ ಜನ ಕೇಳ್ತಾರೆ. ನಾವು ರಾಂಡಮ್ ಏರಿಳಿತ ಹಾಕ್ತಿರೋದು ಲಾಗ್‌ನಲ್ಲಿ. ಲಾಗ್‌ನಲ್ಲಿ 0.1 ಮೇಲೆ ಹೋದ್ರೆ 200 ಅನ್ನೋದು 221.03 ಆಗತ್ತೆ, 0.1 ಕೆಳಗೆ ಬಂದ್ರೆ 180.97 ಆಗತ್ತೆ, ಎರಡರ ಸರಾಸರಿ 200 ಅಲ್ಲ, 201. ಅಂದ್ರೆ ಲಾಗ್‌ನಲ್ಲಿ ಸಮ ಏರಿಳಿತ ಇದ್ರೂ ಬೆಲೆಯ ಸರಾಸರಿ ತಾನಾಗೇ ಮೇಲಕ್ಕೆ ಜರಗತ್ತೆ, ವೊಲಾಟಿಲಿಟಿ ಜಾಸ್ತಿಯಾದಷ್ಟೂ ಜಾಸ್ತಿ ಜರಗತ್ತೆ. ಆ ಜರಗಿದ್ದನ್ನ ಕರೆಕ್ಟಾಗಿ ವಾಪಸ್ ಕಳೆಯೋಕೆ sigma^2/2.

ಈಗ ತಿಂಗಳಿಗೊಂದು ಹೆಜ್ಜೆ ಅಂತ ಆರು ಹೆಜ್ಜೆ ಇಡೋಣ. dt ಅಂದ್ರೆ 1/12 ವರ್ಷ. ಡ್ರಿಫ್ಟ್ ಭಾಗ (0.06 − 0.03125)/12, ಅಂದ್ರೆ ಸುಮಾರು 0.0024. ವೊಲಾಟಿಲಿಟಿ ಭಾಗ 0.25ನ್ನ 1/12ರ ವರ್ಗಮೂಲದಿಂದ ಗುಣಿಸಿದ್ರೆ 0.0722. ರಾಂಡಮ್ ನಂಬರ್‌ಗಳು ಹೀಗೆ ಬಂದ್ವು ಅಂತ ಇಟ್ಕೊಳ್ಳಿ: 0.5, −1.2, 0.8, 1.1, −0.3, 0.6.

ಮೊದಲ ತಿಂಗಳು ಲಾಗ್‌ನಲ್ಲಿ 0.0024 + 0.0722 × 0.5, ಅಂದ್ರೆ 0.0385 ಏರತ್ತೆ, 200 ಹೋಗಿ 207.85 ಆಗತ್ತೆ. ಎರಡನೇ ತಿಂಗಳು −1.2 ಬಂದಿದ್ರಿಂದ ಜೋರಾಗಿ ಬಿದ್ದು 191.06. ಆಮೇಲೆ 202.90, 220.19, 215.99, ಕೊನೆಗೆ 226.09. ಪೇಆಫ್ 16.09.

ಇನ್ನೊಂದು ದಾರಿಗೆ ಇದೇ ನಂಬರ್‌ಗಳ ಚಿಹ್ನೆ ತಿರುಗಿಸಿ, −0.5, 1.2, −0.8 ಹೀಗೆ. ಷೇರು 182.08ಕ್ಕೆ ಬಂದು ನಿಲ್ಲತ್ತೆ, ಪೇಆಫ್ 0. ಎರಡು ದಾರಿಯ ಪೇಆಫ್ ಸರಾಸರಿ 8.05, ಅದನ್ನ ಆರು ತಿಂಗಳ ಡಿಸ್ಕೌಂಟ್ ಅಂಶ 0.9704ರಿಂದ ಗುಣಿಸಿದ್ರೆ 7.81. ಎರಡೇ ದಾರಿಯಿಂದ ಬಂದ ಉತ್ತರ ಇದು, 12.40ರಿಂದ ದೂರ ಇರೋದ್ರಲ್ಲಿ ಆಶ್ಚರ್ಯ ಏನಿಲ್ಲ, ಆದ್ರೆ ಪೂರ್ತಿ ವಿಧಾನ ಇಷ್ಟೇ, ಇನ್ನು ಉಳಿದಿರೋದು ಇದನ್ನೇ ಲಕ್ಷ ಸಲ ಮಾಡೋದು.

ಮುಂದೆ ಹೋಗೋ ಮುಂಚೆ ಒಂದು ವಿಷಯ ಹೇಳ್ಬಿಡ್ತೀನಿ. ಮೊದಲ ದಾರಿಯ ಆರು ನಂಬರ್ ಕೂಡಿಸಿ, 1.5 ಬರತ್ತೆ. ಎಕ್ಸ್‌ಪೈರಿ ಬೆಲೆಗೆ ಬೇಕಾಗಿರೋದು ಆ ಮೊತ್ತ ಮಾತ್ರ, ಯಾವ ತಿಂಗಳು ಯಾವುದು ಬಂತು ಅನ್ನೋದು ಕೊನೆಯ ಬೆಲೇನ ಬದಲಾಯಿಸಲ್ಲ. ಹಾಗಾಗಿ ಯುರೋಪಿಯನ್ ಕಾಲ್‌ಗೆ ನಿಜವಾಗ್ಲೂ ಒಂದೇ ಹೆಜ್ಜೆ ಸಾಕು, dt ಜಾಗದಲ್ಲಿ T ಹಾಕಿ ಒಂದೇ Z ತಗೊಂಡ್ರೆ ಆಯ್ತು. ಹೆಜ್ಜೆ ಜಾಸ್ತಿ ಮಾಡಿದ್ರೆ ಉತ್ತರ ಇನ್ನೂ ನಿಖರ ಆಗತ್ತೆ ಅನ್ಕೊಂಡು 1000 ಹೆಜ್ಜೆ ಹಾಕೋವ್ರಿದ್ದಾರೆ, ಈ ಫಾರ್ಮುಲಾದಲ್ಲಿ ಅದರಿಂದ ಏನೂ ಸಿಗಲ್ಲ, ಟೈಮ್ ವೇಸ್ಟ್ ಅಷ್ಟೇ. ನಿಖರತೆ ಬರೋದು ದಾರಿಗಳ ಸಂಖ್ಯೆಯಿಂದ. ಹಾಗಿದ್ರೂ ಕೆಳಗಿನ ಕೋಡ್‌ನಲ್ಲಿ ದಿನಕ್ಕೊಂದು ಹೆಜ್ಜೆ ಇಟ್ಟಿದ್ದೀನಿ, ವರ್ಷಕ್ಕೆ 252 ಟ್ರೇಡಿಂಗ್ ದಿನ ಅನ್ನೋ ವಾಡಿಕೆ ಹಿಡಿದು ಆರು ತಿಂಗಳಿಗೆ 126. ಕಾರಣ ಕೊನೇಲಿ ಗೊತ್ತಾಗತ್ತೆ.

ಕೋಡ್

```python
import numpy as np

S0, K, r, sigma, T = 200.0, 210.0, 0.06, 0.25, 0.5
steps, n = 126, 100_000
dt = T / steps
rng = np.random.default_rng(11)

x = np.full(n, np.log(S0))
for _ in range(steps):
    z = rng.standard_normal(n)
    x += (r - 0.5*sigma**2)*dt + sigma*np.sqrt(dt)*z

ST = np.exp(x)
disc = np.exp(-r*T) * np.maximum(ST - K, 0.0)
price = disc.mean()
se = disc.std(ddof=1) / np.sqrt(n)
print(price, se)
```

x ಅನ್ನೋದು ಲಕ್ಷ ಷೇರು ಬೆಲೆಗಳ ಲಾಗ್. ಲೂಪ್ ಓಡೋದು ದಿನಗಳ ಮೇಲೆ, ಪ್ರತಿ ಸುತ್ತಿನಲ್ಲಿ ಲಕ್ಷ ದಾರಿಗಳೂ ಒಟ್ಟಿಗೆ ಒಂದು ದಿನ ಮುಂದೆ ಹೋಗ್ತವೆ. ಎಲ್ಲಾ ರಾಂಡಮ್ ನಂಬರ್‌ಗಳನ್ನ ಒಂದೇ ಸಲ ದೊಡ್ಡ ಟೇಬಲ್‌ನಲ್ಲಿ ಹುಟ್ಟುಹಾಕಬಹುದು, ಕೋಡ್ ಇನ್ನೂ ಚಿಕ್ಕದಾಗತ್ತೆ, ಆದ್ರೆ ಲಕ್ಷ ದಾರಿ ಗುಣಿಸು 126 ದಿನ ಅಂದ್ರೆ ಅದೊಂದಕ್ಕೇ ಸುಮಾರು 100 ಎಂಬಿ ಬೇಕು, ಹತ್ತು ಲಕ್ಷ ದಾರಿಗೆ 1 ಜಿಬಿ. ಲೂಪ್ ಇದ್ರೆ ಆ ತಲೆನೋವಿಲ್ಲ.

np.maximum ಬಗ್ಗೆ ಹುಷಾರು. ಅದರ ಜಾಗದಲ್ಲಿ np.max(ST - K, 0) ಅಂತ ಬರೆದ್ರೆ ಎರರ್ ಬರಲ್ಲ, ಅಲ್ಲಿ ಆ 0 ಅನ್ನೋದನ್ನ ಪೈಥಾನ್ ಆಕ್ಸಿಸ್ ನಂಬರ್ ಅನ್ಕೊಂಡು ಲಕ್ಷ ದಾರಿಗಳಲ್ಲಿ ಅತಿ ದೊಡ್ಡ ಪೇಆಫ್ ಒಂದನ್ನೇ ವಾಪಸ್ ಕೊಡತ್ತೆ. ಬೆಲೆ ನೂರರ ಮೇಲೆ ಬಂದು se ಜಾಗದಲ್ಲಿ nan ಕಾಣಿಸಿದ್ರೆ ಇದೇ ಆಗಿರೋದು.

ಇನ್ನೊಂದು ಕ್ರಮದ ತಪ್ಪು: ಮೊದಲು ST ಸರಾಸರಿ ತೆಗೆದು ಆಮೇಲೆ ಪೇಆಫ್ ಹಾಕೋದು. ST ಸರಾಸರಿ 206.09, ಅದು 210ಕ್ಕಿಂತ ಕಡಿಮೆ, ಹಾಗಾಗಿ ಪೇಆಫ್ ಸೊನ್ನೆ, ಕಾಲ್ ಫ್ರೀ ಅಂತ ಉತ್ತರ ಬರತ್ತೆ. ಆಪ್ಷನ್‌ಗೆ ಬೆಲೆ ಇರೋದೇ ಏರಿಳಿತದಿಂದ, ಮೊದಲೇ ಸರಾಸರಿ ತೆಗೆದ್ರೆ ಆ ಏರಿಳಿತಾನೇ ಅಳಿಸಿಹಾಕಿದ ಹಾಗೆ. ಪ್ರತಿ ದಾರಿಗೂ ಪೇಆಫ್ ಮೊದಲು, ಸರಾಸರಿ ಆಮೇಲೆ.

ಬಂದ ನಂಬರ್‌ನ ಎಷ್ಟು ನಂಬೋದು

ಮೇಲಿನ ಕೋಡ್ ಓಡಿಸಿದ್ರೆ ನಿಮಗೆ 12.33 ಬರಬಹುದು, ಇಲ್ಲಾ 12.46 ಬರಬಹುದು, ಸೀಡ್ ಬದಲಾಯಿಸಿದ್ರೆ ಮತ್ತೆ ಬೇರೆ. ಇದು ತಪ್ಪಲ್ಲ, ಮಾಂಟೆ ಕಾರ್ಲೊ ಉತ್ತರ ಅಂದ್ರೆ ಒಂದು ನಂಬರ್ ಅಲ್ಲ, ನಂಬರ್ ಜೊತೆಗೆ ಅದರ ಸ್ಟ್ಯಾಂಡರ್ಡ್ ಎರರ್. se ಇಲ್ಲದೆ ಬರೀ price ಪ್ರಿಂಟ್ ಮಾಡಿರೋ ಕೋಡ್ ಎಲ್ಲಾದ್ರೂ ಕಂಡ್ರೆ ನಾನಂತೂ ಆ ನಂಬರ್ ಕಡೆ ನೋಡೋದೂ ಇಲ್ಲ.

ನಮ್ಮ ಕಾಲ್‌ನಲ್ಲಿ 210 ದಾಟೋ ದಾರಿಗಳು ಸುಮಾರು 42.3% ಮಾತ್ರ. ಮಿಕ್ಕ ಅರ್ಧಕ್ಕಿಂತ ಜಾಸ್ತಿ ದಾರಿಗಳು ಸೊನ್ನೆ ಕೊಡ್ತವೆ, ದಾಟಿದವುಗಳಲ್ಲಿ ಕೆಲವು 80, 100 ಹೀಗೆ ದೊಡ್ಡದಾಗಿ ಕೊಡ್ತವೆ. ಹಾಗಾಗಿ ಒಂದೊಂದು ದಾರಿಯ ಡಿಸ್ಕೌಂಟ್ ಮಾಡಿದ ಪೇಆಫ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ 21.7ರ ಹತ್ತಿರ ಇರತ್ತೆ, ಬೆಲೆ 12.40 ಇರುವಾಗ ಇಷ್ಟು ಚೆದುರುವಿಕೆ! ಇದನ್ನ ದಾರಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ರೆ ಸ್ಟ್ಯಾಂಡರ್ಡ್ ಎರರ್. ಅದನ್ನ 1.96ರಿಂದ ಗುಣಿಸಿ ಎರಡೂ ಕಡೆ ಹಾಕಿದ್ರೆ 95% ವ್ಯಾಪ್ತಿ.

100 ದಾರಿಗೆ ಈ ವ್ಯಾಪ್ತಿ ±4.2, ಅಂದ್ರೆ ಉತ್ತರ 8.2 ಬಂದ್ರೂ 16.6 ಬಂದ್ರೂ ಸುಮ್ನಿರಬೇಕು. 10,000 ದಾರಿಗೆ ±0.42. ಲಕ್ಷಕ್ಕೆ ±0.13. ಹತ್ತು ಲಕ್ಷಕ್ಕೆ ±0.04. ನೂರು ಪಟ್ಟು ಕೆಲಸ ಮಾಡಿದ್ರೆ ಹತ್ತು ಪಟ್ಟು ನಿಖರತೆ, ವರ್ಗಮೂಲದ ಕಥೆ ಇದು, ತಪ್ಪಿಸ್ಕೊಳ್ಳೋಕಾಗಲ್ಲ. ±0.01 ಬೇಕಂದ್ರೆ ಸುಮಾರು 1.8 ಕೋಟಿ ದಾರಿ ಬೇಕು. ಹಾಗಾಗಿ ಲಕ್ಷ ದಾರಿ ಓಡಿಸಿ 12.3847 ಅಂತ ನಾಲ್ಕು ಡೆಸಿಮಲ್ ಬರೆಯೋದಕ್ಕೆ ಅರ್ಥ ಇಲ್ಲ, ಮೊದಲನೇ ಡೆಸಿಮಲ್ಲೇ ಗ್ಯಾರಂಟಿ ಇಲ್ಲ ಅಲ್ಲಿ.

ಸೀಡ್ ಫಿಕ್ಸ್ ಮಾಡಿದ್ರೆ ಪ್ರತಿ ಸಲ ಅದೇ ನಂಬರ್ ಬರತ್ತೆ, ಕೋಡ್ ಬದಲಾಯಿಸುವಾಗ ಹೋಲಿಸೋಕೆ ಅದು ಬೇಕು, ಆದ್ರೆ ನಂಬರ್ ಅಲ್ಲಾಡ್ತಿಲ್ಲ ಅಂದ ಮಾತ್ರಕ್ಕೆ ಅದು ನಿಖರ ಅಲ್ಲ. ಎರರ್ ಅಂದಾಜೇ ಸರಿ ಇದ್ಯಾ ಅಂತ ನೋಡೋಕೆ 100 ಬೇರೆ ಬೇರೆ ಸೀಡ್ ಹಾಕಿ ಓಡಿಸಿ, ಪ್ರತಿ ಸಲದ ವ್ಯಾಪ್ತಿಯೊಳಗೆ 12.40 ಬಿತ್ತಾ ನೋಡಿ. 95ರ ಆಸುಪಾಸು ಬಿದ್ರೆ ಸರಿ. 60 ಬಿದ್ರೆ ಎಲ್ಲೋ ತಪ್ಪಿದೆ, 100ಕ್ಕೆ 100 ಬಿದ್ರೂ ಒಮ್ಮೆ ಅನುಮಾನ ಪಡಿ, ಪ್ರಾಯಶಃ ಎರರ್‌ನ ಬೇಕಾದ್ದಕ್ಕಿಂತ ದೊಡ್ಡದಾಗಿ ಲೆಕ್ಕ ಹಾಕ್ತಿದ್ದೀರಿ.

ಸುಳ್ಳು ಹೇಳ್ತಿದ್ಯಾ ಅಂತ ಹಿಡಿಯೋ ಪರೀಕ್ಷೆ

ಸ್ಟ್ಯಾಂಡರ್ಡ್ ಎರರ್ ಹೇಳೋದು ರಾಂಡಮ್‌ನಿಂದ ಆಗೋ ಅಲ್ಲಾಟ ಮಾತ್ರ. ಫಾರ್ಮುಲಾನೇ ತಪ್ಪು ಟೈಪ್ ಮಾಡಿದ್ರೆ ತಪ್ಪು ಉತ್ತರದ ಸುತ್ತ ಪುಟ್ಟದಾದ, ನೋಡೋಕೆ ಚೆಂದದ ಎರರ್ ತೋರಿಸತ್ತೆ. ಅದನ್ನ ಹಿಡಿಯೋಕೆ ಬೇರೆ ಪರೀಕ್ಷೆ ಬೇಕು, ಅದರಲ್ಲಿ ಅತಿ ಉಪಯೋಗದ್ದು ಇದು:

```python
print(np.exp(-r*T) * ST.mean())
print(np.log(ST / S0).std())
print((ST > K).mean())
```

ಮೊದಲ ಸಾಲು 200 ಕೊಡಬೇಕು. ಯಾಕಂದ್ರೆ ಸ್ಟ್ರೈಕ್ ಸೊನ್ನೆ ಇರೋ ಕಾಲ್ ಅಂದ್ರೆ ಷೇರೇ, ಅದರ ಬೆಲೆ ಇವತ್ತಿನ ಷೇರು ಬೆಲೇನೇ ಆಗಿರಬೇಕು. ಲಕ್ಷ ದಾರಿಗೆ ±0.22 ಅತ್ತಿತ್ತ ಹೋದ್ರೆ ಪರವಾಗಿಲ್ಲ. 209.2 ಬಂತಾ, ನೀವು 6% ಬದಲು 15% ಡ್ರಿಫ್ಟ್ ಹಾಕಿದ್ದೀರಿ. 203.15 ಬಂತಾ, sigma^2/2 ಕಳೆಯೋದು ಮರೆತಿದ್ದೀರಿ, ಆಗ ಕಾಲ್ ಬೆಲೆ 14.01 ತೋರಿಸ್ತಿರತ್ತೆ. ಈ 14.01 ಅನ್ನೋದು ತುಂಬಾ ಅಪಾಯದ ನಂಬರ್, ಯಾಕಂದ್ರೆ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ. 196.9 ಬಂದ್ರೆ dt ಮೇಲೆ ವರ್ಗಮೂಲ ಹಾಕೋದು ಮರೆತು sigma*dt*z ಅಂತ ಬರೆದಿದ್ದೀರಿ, ಏರಿಳಿತ ಬಹುತೇಕ ಸತ್ತುಹೋಗಿ ಎಲ್ಲಾ ದಾರಿಗಳೂ 203ರ ಅಕ್ಕಪಕ್ಕ ಬಂದು ನಿಂತಿರ್ತವೆ, ಕಾಲ್ ಬೆಲೆ ಹೆಚ್ಚುಕಮ್ಮಿ ಸೊನ್ನೆ.

ಆದ್ರೆ ಈ ಪರೀಕ್ಷೆಗೂ ಒಂದು ಕುರುಡು ಜಾಗ ಇದೆ. sigma ನಂಬರೇ ತಪ್ಪಾಗಿದ್ರೆ, ಉದಾಹರಣೆಗೆ ದಿನದ ವೊಲಾಟಿಲಿಟೀನ ವರ್ಷದ್ದು ಅನ್ಕೊಂಡು ಹಾಕಿದ್ರೆ, ಡ್ರಿಫ್ಟ್‌ನಲ್ಲೂ ಅದೇ ತಪ್ಪು sigma ಇರೋದ್ರಿಂದ ಮೊದಲ ಸಾಲು ಆರಾಮಾಗಿ 200 ಕೊಡತ್ತೆ. ಅದಕ್ಕೇ ಎರಡನೇ ಸಾಲು, ಅದು sigma ಗುಣಿಸು T ವರ್ಗಮೂಲ, ಅಂದ್ರೆ 0.177 ಬರಬೇಕು. ಆ 0.177ನ ಕೋಡ್‌ನಿಂದ ತೆಗೀಬೇಡಿ, ಕೈಯಲ್ಲಿ 0.25 × 0.7071 ಅಂತ ಲೆಕ್ಕ ಹಾಕಿ ಹೋಲಿಸಿ, ಇಲ್ಲಾಂದ್ರೆ ಅದೇ ತಪ್ಪು ಎರಡೂ ಕಡೆ ಕೂತಿರತ್ತೆ. ಮೂರನೇ ಸಾಲು 0.423 ಸುತ್ತ.

ಅದೇ ದಾರಿಗಳಿಂದ ಇನ್ನೂ ನಿಖರವಾಗಿ

ಮೇಲಿನ ಪರೀಕ್ಷೇಲಿ ಷೇರಿನ ಸರಾಸರಿ 200 ಬದಲು 200.15 ಬಂತು ಅನ್ಕೊಳ್ಳಿ. ಅಂದ್ರೆ ಈ ಸಲ ನಿಮ್ಮ ರಾಂಡಮ್ ದಾರಿಗಳು ಅದೃಷ್ಟಕ್ಕೆ ಸ್ವಲ್ಪ ಮೇಲೇ ಹೋಗಿವೆ. ಹಾಗಿದ್ರೆ ಕಾಲ್ ಬೆಲೇನೂ ಸ್ವಲ್ಪ ಜಾಸ್ತಿ ಬಂದಿರೋ ಸಾಧ್ಯತೆ ಹೆಚ್ಚು, ಅಷ್ಟನ್ನ ಕಳೆದುಬಿಡಬಹುದಲ್ವಾ? ಇದಕ್ಕೆ ಕಂಟ್ರೋಲ್ ವೇರಿಯೇಟ್ ಅಂತಾರೆ, ತೂಕದ ಯಂತ್ರ ಖಾಲಿ ಇದ್ದಾಗಲೇ 15 ಗ್ರಾಂ ತೋರಿಸ್ತಿದ್ರೆ ತೂಗಿದ ಮೇಲೆ ಅದನ್ನ ಕಳೀತೀವಲ್ಲ, ಹಾಗೆ.

```python
Y = np.exp(-r*T) * ST
b = np.cov(disc, Y)[0, 1] / Y.var(ddof=1)
cv = disc - b * (Y - S0)
print(cv.mean(), cv.std(ddof=1) / np.sqrt(n))
```

b ಇಲ್ಲಿ 0.53ರ ಹತ್ತಿರ ಬರತ್ತೆ, ಅಂದ್ರೆ ಷೇರಿನ ಸರಾಸರಿ 0.15 ಜಾಸ್ತಿ ಬಂದಿದ್ರೆ ಕಾಲ್ ಬೆಲೆಯಿಂದ ಸುಮಾರು 0.08 ಕಳೀಬೇಕು. ಷೇರಿಗೂ ಪೇಆಫ್‌ಗೂ ಕೋರಿಲೇಶನ್ ಸುಮಾರು 0.87 ಇರೋದ್ರಿಂದ ವೇರಿಯನ್ಸ್ ಕಾಲು ಭಾಗಕ್ಕೆ ಇಳಿಯತ್ತೆ, ಸ್ಟ್ಯಾಂಡರ್ಡ್ ಎರರ್ ಅರ್ಧ ಆಗತ್ತೆ. ಮೂರು ಸಾಲು ಕೋಡ್‌ಗೆ ನಾಲ್ಕು ಪಟ್ಟು ದಾರಿ ಓಡಿಸಿದ ಲಾಭ. ಸ್ಟ್ರೈಕ್ ತುಂಬಾ ಮೇಲಿದ್ರೆ, 300 ಅಂತ ಇಟ್ಕೊಳ್ಳಿ, ಈ ಲಾಭ ಕರಗಿಹೋಗತ್ತೆ, ಯಾಕಂದ್ರೆ ಹೆಚ್ಚಿನ ದಾರಿಗಳಲ್ಲಿ ಷೇರು ಏನೇ ಮಾಡಿದ್ರೂ ಪೇಆಫ್ ಸೊನ್ನೇಲೇ ಇರತ್ತೆ.

ಚಿಹ್ನೆ ತಿರುಗಿಸಿದ ಜೋಡಿ ದಾರಿ ಮೇಲೆ ಕೈಯಲ್ಲಿ ಮಾಡಿದ್ವಲ್ಲ, ಅದೂ ಇಂಥದ್ದೇ ಇನ್ನೊಂದು ಉಪಾಯ, ಆಂಟಿಥೆಟಿಕ್ ಅಂತಾರೆ. ಅದನ್ನ ಬಳಸಿದ್ರೆ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕುವಾಗ ಪ್ರತಿ ಜೋಡಿಯ ಸರಾಸರೀನ ಒಂದು ಸ್ಯಾಂಪಲ್ ಅಂತ ತಗೋಬೇಕು. ಎರಡನ್ನೂ ಬೇರೆ ಬೇರೆ ಅಂತ ಎಣಿಸಿದ್ರೆ ಎರರ್ ತಪ್ಪು ಬರತ್ತೆ, ಆ ಎರಡು ದಾರಿ ಸ್ವತಂತ್ರ ಅಲ್ಲ.

ಎಲ್ಲಿ ನಿಲ್ಲತ್ತೆ, ಎಲ್ಲಿ ಮುಂದೆ ಹೋಗತ್ತೆ

ದಾರಿಗಳನ್ನ ಎಷ್ಟೇ ಹೆಚ್ಚಿಸಿದ್ರೂ ನಾವು ಹತ್ತಿರ ಹೋಗ್ತಿರೋದು 12.40ಕ್ಕೆ, ಅಂದ್ರೆ ಮಾಡೆಲ್‌ನ ಉತ್ತರಕ್ಕೆ. ವೊಲಾಟಿಲಿಟಿ ಆರು ತಿಂಗಳೂ 25%ನಲ್ಲೇ ಇರತ್ತೆ, ಷೇರು ರಾತ್ರೋರಾತ್ರಿ ಹಾರಲ್ಲ ಅಂತ ಮೊದಲೇ ಒಪ್ಕೊಂಡುಬಿಟ್ಟಿದ್ದೀವಿ. ಒಂದೇ ಷೇರಿನ, ಒಂದೇ ಎಕ್ಸ್‌ಪೈರಿಯ ಆಪ್ಷನ್‌ಗಳ ಮಾರ್ಕೆಟ್ ಬೆಲೆಯಿಂದ ವಾಪಸ್ ಲೆಕ್ಕ ಹಾಕಿದ್ರೆ ಸ್ಟ್ರೈಕ್‌ನಿಂದ ಸ್ಟ್ರೈಕ್‌ಗೆ ಬೇರೆ ಬೇರೆ sigma ಸಿಗತ್ತೆ, ಅದರಲ್ಲೇ ಗೊತ್ತಾಗತ್ತೆ ಈ ಊಹೆ ಎಷ್ಟು ಗಟ್ಟಿ ಅಂತ. sigma 25% ಬದಲು 26% ಹಾಕಿದ್ರೆ ಬೆಲೆ ಸುಮಾರು 0.56 ಮೇಲೆ ಹೋಗತ್ತೆ, ಲಕ್ಷ ದಾರಿಯ ±0.13ಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಕೋಟಿಗಟ್ಟಲೆ ದಾರಿ ಓಡಿಸೋ ಬದಲು sigma ಎಲ್ಲಿಂದ ಬಂತು ಅಂತ ಕೂತು ಯೋಚ್ನೆ ಮಾಡೋದು ಒಳ್ಳೇದು. ಷೇರು ಸತತವಾಗಿ ವರ್ಷಕ್ಕೆ q ದರದಲ್ಲಿ ಡಿವಿಡೆಂಡ್ ಕೊಡತ್ತೆ ಅಂದ್ರೆ ಡ್ರಿಫ್ಟ್‌ನಲ್ಲಿ r ಜಾಗದಲ್ಲಿ r − q ಹಾಕಿ, ಡಿಸ್ಕೌಂಟ್ ಮಾತ್ರ rನಲ್ಲೇ. ಆಗ ಮೊದಲ ಪರೀಕ್ಷೆಯ ಉತ್ತರ 200 ಬರಲ್ಲ, 200ನ್ನ exp(-q*T)ಯಿಂದ ಗುಣಿಸಿದಷ್ಟು ಬರತ್ತೆ, ಕಂಟ್ರೋಲ್ ವೇರಿಯೇಟ್‌ನಲ್ಲೂ S0 ಜಾಗದಲ್ಲಿ ಅದೇ ಹೋಗಬೇಕು.

ಅಮೆರಿಕನ್ ಆಪ್ಷನ್‌ಗೆ ಈ ಕೋಡ್ ಹೀಗೇ ಆಗಲ್ಲ, ಮಧ್ಯದಲ್ಲಿ ಯಾವಾಗ ಚಲಾಯಿಸಬೇಕು ಅನ್ನೋ ನಿರ್ಧಾರಕ್ಕೆ ಮುಂದಿನ ನಿರೀಕ್ಷೆ ಗೊತ್ತಿರಬೇಕು, ಒಂಟಿ ದಾರೀಲಿ ಅದು ಸಿಗಲ್ಲ.

ಆ 126 ಹೆಜ್ಜೆ ಯಾಕೆ ಅಂತ ಹೇಳ್ತೀನಿ ಅಂದಿದ್ದೆ. ಏಷ್ಯನ್ ಕಾಲ್ ಅಂತ ಒಂದಿದೆ, ಅದರ ಪೇಆಫ್ ನೋಡೋದು ಕೊನೆಯ ಬೆಲೇನಲ್ಲ, ಆರು ತಿಂಗಳ ದಿನದಿನದ ಬೆಲೆಯ ಸರಾಸರೀನ. ಅದಕ್ಕೆ ಬ್ಲ್ಯಾಕ್-ಶೋಲ್ಸ್ ತರದ ಸುಲಭ ಫಾರ್ಮುಲಾ ಇಲ್ಲ. ನಮ್ಮ ಕೋಡ್‌ನಲ್ಲಿ ಲೂಪ್ ಮುಂಚೆ A = np.zeros(n) ಅಂತ ಬರೆದು, ಲೂಪ್ ಒಳಗೆ A += np.exp(x) / steps ಸೇರಿಸಿ, ಪೇಆಫ್‌ನಲ್ಲಿ ST ಬದಲು A ಹಾಕಿದ್ರೆ ಮುಗೀತು. ಇಲ್ಲಿ ಹೆಜ್ಜೆಗಳ ಸಂಖ್ಯೆ ಲೆಕ್ಕಕ್ಕೆ ಬರತ್ತೆ, ಯಾಕಂದ್ರೆ ಯಾವ ಯಾವ ದಿನದ ಬೆಲೆ ಸೇರತ್ತೆ ಅನ್ನೋದು ಕಾಂಟ್ರ್ಯಾಕ್ಟ್‌ನಲ್ಲೇ ಬರೆದಿರತ್ತೆ, ನಿಮ್ಮ ಹೆಜ್ಜೆಗಳು ಆ ದಿನಗಳ ಮೇಲೇ ಬೀಳಬೇಕು. ಬೆಲೆ 12.40ಕ್ಕಿಂತ ಸಾಕಷ್ಟು ಕಡಿಮೆ ಬರಬೇಕು, ಸರಾಸರಿ ಅನ್ನೋದು ಕೊನೆಯ ಬೆಲೆಯಷ್ಟು ಏರಿಳಿಯಲ್ಲ. ಜಾಸ್ತಿ ಬಂದ್ರೆ steps ಇಂದ ಭಾಗಿಸೋದು ಮರೆತಿದ್ದೀರಾ ನೋಡಿ.